ಹೊಲದ ತನಕ ಬಂದ ಆಳಿಗೆ ಮೂರು ತಾಸಿನ ಕೂಲಿ

ಮೆಣಸಿನಕಾಯಿ ಬಿಡಿಸೋ ದಿನ ಬಂದ್ವು. ಆಳು ಹೇಳೋ ಮೊದಲು ಒಂದು ಮಾತು ಬರಿಬೇಕು ಅನ್ನಿಸ್ತು. ಒಪ್ಪದವರು ಬೈದ್ರೂ ಅಡ್ಡಿ ಇಲ್ಲ.

ಹೋದ ವರ್ಷ ಎರಡನೇ ಸಲ ಕಾಯಿ ಬಿಡಿಸೋಕೆ ಪಕ್ಕದೂರಿನ ಹನ್ನೆರಡು ಹೆಣ್ಣಾಳು ಹೇಳಿದ್ದೆ. ರಾತ್ರಿ ಒಂದು ಸಣ್ಣ ಮಳೆ ಹೊಡೀತು. ನಾನು ಬೆಳಿಗ್ಗೆ ಎದ್ದು ಹೊಲಕ್ಕೆ ಹೋಗಿ ನೋಡಲಿಲ್ಲ, ಬಿಸಿಲು ಬಿದ್ರೆ ಆರ್ತದ ಅಂತ ಚಹಾ ಕುಡ್ಕೊಂಡು ಕೂತೆ. ಒಂಬತ್ತೂವರೆಗೆ ಟಂಟಂ ಬಂದು ನಿಂತಾಗ ಗಿಡದಾಗ ಕೈ ಹಾಕಿದ್ರೆ ಕಾಯಿ ತೊಟ್ಟೆಲ್ಲ ಹಸಿ. ಹಸಿ ಕಾಯಿ ಬಿಡಿಸಿ ರಾಶಿ ಹಾಕಿದ್ರೆ ಒಳಗೆ ಕಾವು ಏರಿ ಬೂಸಲು ಹಿಡೀತದ, ಬಣ್ಣ ಹೋಗ್ತದ, ನಿಮಗೇನು ಹೊಸದಾಗಿ ಹೇಳೋದು. "ಇವತ್ತು ಬ್ಯಾಡ್ರವಾ, ನಾಳೆ ಬರ್ರಿ" ಅಂದೆ. ಟಂಟಂನ ಬಾಡಿಗೆ ಆರುನೂರು ಕೊಟ್ಟು ದೊಡ್ಡ ಉಪಕಾರ ಮಾಡಿದೆ ಅನ್ಕೊಂಡೆ.

ಅವರಲ್ಲಿ ಹಿರಿಯಾಕಿ ಬುತ್ತಿಗಂಟು ತಿರುಗಿ ಹೆಗಲಿಗೆ ಹಾಕ್ಕೊಂಡು ಅಂದ್ಲು: "ನಿನ್ನೆ ಸಂಜಿ ಇನ್ನೊಬ್ರು ಕರದಿದ್ರು, ನಿಮಗ ಮಾತು ಕೊಟ್ಟೀವಿ ಅಂತ ಒಲ್ಲೆ ಅಂದ್ವಿರೀ ಅಣ್ಣಾರ. ಈಗ ಯಾರ ಹೊಲಕ್ಕ ಹೋಗೂಣು?"

ಆ ಮಾತಿನಾಗ ಲೆಕ್ಕ ಪೂರ್ತಿ ಅದ. ಬೆಳಿಗ್ಗೆ ಆರಕ್ಕೆ ಫೋನ್ ಮಾಡಿ ಬೇಡ ಅಂದಿದ್ರೆ ಅವರು ಬೇರೆ ಹೊಲ ಹಿಡೀತಿದ್ರು, ಇಲ್ಲಾ ಮನೆ ಕೆಲಸ ನೋಡ್ಕೊತಿದ್ರು. ಒಂಬತ್ತೂವರೆ ಹೊತ್ತಿಗೆ ಊರಿನ ಎಲ್ಲಾ ಹೊಲದಾಗೂ ಆಳು ಇಳಿದಿರ್ತದ. ಹಂಗಾಗಿ ಅವರಿಗೆ ಹೋಗೋದು ಬಾಡಿಗೆ ಅಲ್ಲ, ಒಂದು ದಿನ. ಅದನ್ನ ಕಳೆದವನು ಮಳೆರಾಯ ಅಲ್ಲ, ನಾನು. ಮಳೆ ರಾತ್ರಿನೇ ಬಂದಿತ್ತು, ನಾನು ನೋಡಿದ್ದು ಒಂಬತ್ತೂವರೆಗೆ. ಮರುದಿನ ಅವರು ಬರಲಿಲ್ಲ. ಬೇರೆ ಆಳು ಸಿಗೋ ತನಕ ಎಂಟು ದಿನ ಕಾಯಿ ಗಿಡದಾಗೇ ನಿಂತ್ವು.

ಈ ಸಲ ನಾನು ಆಳು ಹೇಳೋವಾಗಲೇ ಮಾತು ಕಟ್ಟೇನಿ. ಟಂಟಂ ಹೊರಡೋಕೆ ಮೊದಲು, ಅಂದ್ರೆ ಬೆಳಿಗ್ಗೆ ಆರೂವರೆ ಒಳಗೆ ಫೋನ್ ಮಾಡಿ ಬೇಡ ಅಂದ್ರೆ ನಾನು ಏನೂ ಕೊಡೋದಿಲ್ಲ. ಹೊಲಕ್ಕೆ ಬಂದು ಇಳಿದ ಮೇಲೆ ಬೇಡ ಅಂದ್ರೆ, ಒಂದು ಕಾಯಿನೂ ಮುಟ್ಟದಿದ್ರೂ ಮೂರು ತಾಸಿನ ಕೂಲಿ, ಮೇಲೆ ಬಾಡಿಗೆ. ಕೆಲಸ ಸುರು ಮಾಡಿಸಿ ನಾನೇ ನಿಲ್ಲಿಸಿದ್ರೆ ಪೂರ್ತಿ ದಿನದ್ದು. ಅವರೇ ಬೇಡ ಅಂತ ಎದ್ದು ಹೋದ್ರೆ ಈ ಮಾತು ಇಲ್ಲ. ಈ ಕೊನೆಯ ಎರಡು ನನ್ನ ತಲೆಯಿಂದ ಬಂದದ್ದಲ್ಲ. 1948ರ ಕನಿಷ್ಠ ವೇತನ ಕಾಯ್ದೆಯ 15ನೇ ಕಲಮಿನಾಗ ಹೆಚ್ಚುಕಡಿಮೆ ಇದೇ ಇತ್ತು, 2019ರ ವೇತನ ಸಂಹಿತೆಯಲ್ಲೂ ಅದನ್ನ ಉಳಿಸ್ಯಾರ.

ಈಗ ರೊಕ್ಕದ ಲೆಕ್ಕ. ದಿನಕ್ಕೆ 420 ರೂಪಾಯಿ, ಊಟದ ಹೊತ್ತು ಬಿಟ್ಟು ಏಳು ತಾಸು ಕೆಲಸ, ತಾಸಿಗೆ 60. ಮೂರು ತಾಸಿಗೆ 180. ಹನ್ನೆರಡು ಜನಕ್ಕೆ 2,160, ಬಾಡಿಗೆ ಸೇರಿ 2,760. ಕಡಿಮೆ ಏನಲ್ಲ. "ಕೆಲಸ ಮಾಡದವರಿಗೆ ಕೊಟ್ರೆ ನನಗ ಯಾರು ಕೊಡ್ತಾರ?" ಅಂತ ನಮ್ಮ ಓಣಿಯ ಗೆಳೆಯ ಕೇಳಿದ. ಖರೇನೇ, ನನಗೂ ಯಾರೂ ಕೊಡೋದಿಲ್ಲ. ಆದ್ರ ಆ ರೊಕ್ಕ ಉಳಿಸೋ ಕೀಲಿ ನನ್ನ ಕೈಯಾಗೇ ಅದ. ಆರು ಗಂಟೆಗೆ ಹೊಲಕ್ಕೆ ಹೋಗಿ ನಡುವಿನ ಸಾಲಿನಾಗ ಗಿಡದ ಒಳಗೆ ಕೈ ಹಾಕಿ ನೋಡಬೇಕು. ಬದುವಿನ ಗಿಡ ನೋಡಿದ್ರೆ ಮೋಸ, ಅವು ಗಾಳಿಗೆ ಬೇಗ ಆರಿರ್ತಾವ. ಬರೀ ಇಬ್ಬನಿ ಇದ್ರೆ ಎಲೆ ಮೇಲಷ್ಟೇ ಹಸಿ ಇರ್ತದ, ಹತ್ತರ ಹೊತ್ತಿಗೆ ಆರ್ತದ. ಬುಡದ ಮಣ್ಣು ಕೈಗೆ ಅಂಟಿದ್ರೆ ಅವತ್ತು ಬಿಡಿಸೋದು ಬೇಡ, ಕೂಡ್ಲೇ ಫೋನ್ ಮಾಡ್ರಿ.

ಇನ್ನೊಂದು ದಾರಿ, ಮೊದಲ ಸಲ ಬಿಡಿಸಿ ಒಣಗಿಸಿದ ಕಾಯಿ ಆರಿಸೋ ಕೆಲಸ ಅಷ್ಟೂ ಒಮ್ಮೆಗೇ ಮುಗಿಸಬ್ಯಾಡ್ರಿ. ನಾಲ್ಕೈದು ಚೀಲ ಶೆಡ್ಡಿನಾಗ ಇಟ್ಕೊಂಡಿರ್ರಿ. ಮಳೆ ಬಂದ ದಿನ ಅವರನ್ನ ಅಲ್ಲಿ ಕೂರಿಸಿ ಬಿಳಿಕಾಯಿ, ಮುರುಕಾಯಿ ಬೇರೆ ಮಾಡಿಸಬಹುದು. ಕೊಟ್ಟ ಕೂಲಿಗೆ ಕೆಲಸನೂ ಆಗ್ತದ.

ಆದ್ರ ಒಂದು ವಿಷಯಕ್ಕೆ ನನಗ ಸಿಟ್ಟು ಬರ್ತದ. ಆಳು ಸಿಗ್ತದೋ ಇಲ್ಲೋ ಅಂತ ಎರಡು ತಂಡಕ್ಕೆ ಹೇಳಿಟ್ಟು, ಎರಡೂ ಬಂದ್ರೆ ಒಂದನ್ನ ವಾಪಸ್ ಕಳಿಸೋದು. ಅದಕ್ಕೆ ಮೂರು ತಾಸು ಸಾಲದು, ಇಡೀ ದಿನದ್ದು ಕೊಡಬೇಕು. ಅಲ್ಲಿ ಮಳೆ ನೆವನೂ ಇಲ್ಲ. ಇನ್ನು ರೊಕ್ಕ ತಂಡದ ಮುಂದಾಳಿನ ಕೈಗೆ ಒಟ್ಟಿಗೆ ಕೊಡದೆ ಒಬ್ಬೊಬ್ರ ಕೈಗೆ ಕೊಡ್ರಿ, ಬಾಡಿಗೆ ಅಷ್ಟೇ ಡ್ರೈವರಿಗೆ.

ಟಂಟಂ ದಾರಿಯಾಗ ಇದ್ದಾಗಲೇ ಮಳೆ ಸುರು ಆದ್ರೆ ಏನು ಅಂತ ಗೆಳೆಯ ಕೇಳ್ಯಾನ. ಅದು ಯಾರ ತಪ್ಪೂ ಅಲ್ಲ, ಅರ್ಧರ್ಧ ಹಂಚ್ಕೊಳ್ಳೋಣು ಅಂತ ಅವನ ವಾದ. ನಾನಂತೂ ಮೂರು ತಾಸಿನದ್ದು ಕೊಡ್ತೀನಿ ಅಂದೀನಿ, ಕರೆದವನು ನಾನು. ನೀವು ನಿಮ್ಮ ಹೊಲದಾಗ ಏನು ಮಾಡ್ತೀರಿ, ಕೆಳಗ ಬರೀರಿ.