ಮಾರ್ಕನ ಗ್ರೀಕಿನಲ್ಲಿ ಉಳಿದುಕೊಂಡ ಒಂದು ‘ರೆ’

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ನಮಗೆ ಒಂದೇ ಬಾಯಲ್ಲಿ ಎರಡು ಭಾಷೆ ಇರುವುದು ಹೊಸದೇನಲ್ಲ. ತೆಲುಗಿನಲ್ಲಿ ಎದುರಿಗಿದ್ದವರನ್ನೂ ಸೇರಿಸಿ ‘ನಾವು’ ಎನ್ನಲು ‘ಮನಂ’, ಅವರನ್ನು ಬಿಟ್ಟು ಹೇಳಲು ‘ಮೇಮು’. ಕನ್ನಡದಲ್ಲಿ ಎರಡಕ್ಕೂ ಒಂದೇ ‘ನಾವು’. ಹಾಗಾಗಿ ಗೆಳೆಯರನ್ನು ಜೊತೆಗೆ ಕರೆಯುತ್ತಾ ಯಾರಾದರೂ ‘ಮೇಮು ಪೋದಾಂ’ ಅಂದರೆ ತೆಲುಗಿನವರ ಕಿವಿಗೆ ಅದು ತಟ್ಟುತ್ತದೆ. ಇವರ ಮನೆಮಾತು ಬೇರೆ ಎಂದು ಗೊತ್ತಾಗುತ್ತದೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲೂ ಹೀಗೆ ಕಿವಿಗೆ ತಟ್ಟುವ ಜಾಗಗಳಿವೆ.

ಮಾರ್ಕ 8:12 ತೆಗೆಯಿರಿ. ಫರಿಸಾಯರು ಆಕಾಶದಿಂದ ಒಂದು ಸೂಚನೆ ಬೇಕೆಂದು ಕೇಳುತ್ತಾರೆ. ಯೇಸು ನಿಟ್ಟುಸಿರಿಟ್ಟು, ಈ ಜನಕ್ಕೆ ಸೂಚನೆ ಸಿಗುವುದಿಲ್ಲ ಎನ್ನುತ್ತಾರೆ. ನಮ್ಮ ಸತ್ಯವೇದದಲ್ಲಿ ಅರ್ಥ ಸ್ಪಷ್ಟವಾಗಿದೆ. ಆದರೆ ಗ್ರೀಕಿನಲ್ಲಿ ಆ ವಾಕ್ಯದೊಳಗೆ ‘ಇಲ್ಲ’ ಎಂಬ ಪದವೇ ಇಲ್ಲ! ಅಲ್ಲಿರುವುದು ‘ಎಯ್’, ಅಂದರೆ ನಮ್ಮ ‘-ರೆ’ ಪ್ರತ್ಯಯದ ಕೆಲಸ ಮಾಡುವ ಪದ. ಇದ್ದಂತೆ ಹೇಳಿದರೆ, ‘ನಿಮಗೆ ನಿಜ ಹೇಳುತ್ತೇನೆ, ಈ ಪೀಳಿಗೆಗೆ ಸೂಚನೆ ಕೊಟ್ಟರೆ’ ಎಂದಾಗುತ್ತದೆ. ಅಲ್ಲಿಗೇ ವಾಕ್ಯ ಮುಗಿಯುತ್ತದೆ. ಗ್ರೀಕ್ ಮನೆಮಾತಿನವನು ‘ಕೊಟ್ಟರೆ? ಕೊಟ್ಟರೆ ಏನಾಗುತ್ತದೆ?’ ಎಂದು ಕಾಯುತ್ತಾ ಕೂರಬೇಕು.

ಇದರ ಬೇರು ಹೀಬ್ರೂ ಜನ ಆಣೆಯಿಡುವ ರೀತಿಯಲ್ಲಿದೆ. ಪೂರ್ತಿ ಆಣೆ 2 ಅರಸುಗಳು 6:31ರಲ್ಲಿ ಸಿಗುತ್ತದೆ. ಸಮಾರ್ಯದಲ್ಲಿ ಘೋರ ಬರ. ಸಿಟ್ಟಿಗೆದ್ದ ಅರಸನು, ಇವತ್ತು ಎಲೀಷನ ತಲೆ ಅವನ ಮೈಮೇಲೆ ಉಳಿದರೆ ದೇವರು ನನಗೆ ಏನು ಬೇಕಾದರೂ ಮಾಡಲಿ ಎಂದು ಆಣೆಯಿಡುತ್ತಾನೆ. ಅಂದರೆ, ಖಂಡಿತ ಉಳಿಯುವುದಿಲ್ಲ ಎಂದು. ಹೀಬ್ರೂವಿನಲ್ಲಿ ಬಹಳ ಸಲ ಶಾಪದ ಭಾಗವನ್ನು ಬಾಯಿಬಿಟ್ಟು ಹೇಳುವುದಿಲ್ಲ. ‘ಇಮ್’, ಅಂದರೆ ‘-ರೆ’ ಭಾಗ ಮಾತ್ರ ಉಳಿಯುತ್ತದೆ. ಕೇಳುವವರಿಗೆ ಅದೇ ‘ಖಂಡಿತ ಇಲ್ಲ’. ಇದು ನಮಗೆ ಅಷ್ಟೇನೂ ದೂರದ ಮಾತಲ್ಲ. ಜಗಳವಾದ ಮೇಲೆ ‘ಇನ್ನೊಮ್ಮೆ ಅವರ ಹೊಸ್ತಿಲು ತುಳಿದ್ರೆ ಕೇಳು!’ ಅನ್ನುತ್ತೇವಲ್ಲ, ತುಳಿಯುವುದಿಲ್ಲ ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಅದನ್ನೇ ಪದಕ್ಕೆ ಪದ ಬೇರೆ ಭಾಷೆಗೆ ಇಳಿಸಿದರೆ ಕೇಳಿದವನು ತಬ್ಬಿಬ್ಬಾಗುತ್ತಾನೆ.

ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದ ಸೆಪ್ಟುವಾಜಿಂಟ್ ಅನುವಾದಕರು ಎಷ್ಟೋ ಕಡೆ ಮಾಡಿದ್ದು ಇದನ್ನೇ. ಕೀರ್ತನೆ 95:11ರಲ್ಲಿ, ಮರುಭೂಮಿಯಲ್ಲಿ ಎದುರುಬಿದ್ದ ಜನ ತನ್ನ ವಿಶ್ರಾಂತಿಯಲ್ಲಿ ಸೇರುವುದಿಲ್ಲವೆಂದು ದೇವರು ಆಣೆಯಿಡುತ್ತಾನೆ. ಹೀಬ್ರೂವಿನಲ್ಲಿ ‘ಇಮ್’, ಗ್ರೀಕಿನಲ್ಲಿ ‘ಎಯ್’. ಇಬ್ರಿಯರಿಗೆ ಬರೆದ ಪತ್ರಿಕೆ ಈ ಗ್ರೀಕನ್ನೇ 3:11ರಲ್ಲೂ 4:3ರಲ್ಲೂ ಎತ್ತಿ ಹೇಳುತ್ತದೆ. 1611ರ ಇಂಗ್ಲಿಷ್ ಕಿಂಗ್ ಜೇಮ್ಸ್ ಅನುವಾದ ತೆಗೆದು ನೋಡಿ: 3:11ರಲ್ಲಿ ‘ಸೇರುವುದಿಲ್ಲ’, 4:3ರಲ್ಲಿ ‘ಸೇರಿದರೆ’. ಗ್ರೀಕಿನ ಮಾತುಗಳು ಎರಡು ಕಡೆಯೂ ಒಂದೇ, ಅರ್ಥ ಮಾತ್ರ ತಲೆಕೆಳಗು! ಇಂಥ ಜಾಗದಲ್ಲಿ ಒಂದು ಅಡಿಟಿಪ್ಪಣಿ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ.

ಕೀರ್ತನೆಯ ವಿಷಯದಲ್ಲಿ ಮೂಲ ನಮ್ಮ ಕೈಯಲ್ಲೇ ಇದೆ, ಪಕ್ಕಪಕ್ಕ ಇಟ್ಟು ನೋಡಬಹುದು. ಮಾರ್ಕನಲ್ಲಿ ಹಾಗಲ್ಲ, ಅಲ್ಲಿ ಗ್ರೀಕ್ ಮಾತ್ರ ಇದೆ. ಹಾಗಾದರೆ ಅದರ ಹಿಂದೆ ಬೇರೆ ಭಾಷೆಯಿದೆ ಎಂದು ಹೇಗೆ ಗೊತ್ತು? ಗ್ರೀಕಿಗೆ ಒಗ್ಗದ ಆ ರಚನೆ ಹೀಬ್ರೂವಿಗೆ ಸಹಜ, ಇದು ಮೊದಲ ಗುರುತು. ಜೊತೆಗೆ ಮತ್ತಾಯ 16:4 ನೋಡಿ. ಅದೇ ಮಾತನ್ನು ಹೇಳುವಾಗ ಮತ್ತಾಯನು ‘ಎಯ್’ ಬಿಟ್ಟು ನೇರವಾಗಿ ‘ಊ’, ಅಂದರೆ ‘ಇಲ್ಲ’, ಎಂದು ಬರೆದಿದ್ದಾನೆ. ಯೋನನ ಸೂಚನೆಯ ಮಾತೂ ಅಲ್ಲಿ ಸೇರಿದೆ. ಒರಟಾಗಿದ್ದದ್ದನ್ನು ನಯ ಮಾಡುವುದು ಸಹಜ. ನಯವಾದದ್ದನ್ನು ಬೇಕೆಂದೇ ಒರಟು ಮಾಡುವವರು ಕಡಿಮೆ. ಮಾರ್ಕನ ವಾಕ್ಯದ ಆರಂಭದಲ್ಲಿ ‘ಆಮೆನ್’ ಎಂಬ ಹೀಬ್ರೂ ಪದ ಗ್ರೀಕ್ ಅಕ್ಷರದಲ್ಲಿ ಹಾಗೇ ಕೂತಿರುವುದನ್ನೂ ಮರೆಯಬೇಡಿ. ಈ ಮಾತು ಆ ನಾಡಿನ ಜನರ ಬಾಯಿಂದಲೇ ಮಾರ್ಕನಿಗೆ ಬಂದಿದೆ ಎಂದು ನಾನು ನಂಬುವುದು ಇದಕ್ಕೇ.

ಆದರೆ ಇಷ್ಟನ್ನೇ ಹಿಡಿದುಕೊಂಡು, ಹೊಸ ಒಡಂಬಡಿಕೆ ಪೂರ್ತಿ ಮೊದಲು ಹೀಬ್ರೂವಿನಲ್ಲೇ ಬರೆದದ್ದು ಎಂದು ವಿಡಿಯೋ ಮಾಡಿ ಹಂಚುವವರ ಮಾತನ್ನು ನಾನು ಒಪ್ಪುವುದಿಲ್ಲ. ಒಂದು ಮಾತಿನ ಗುರುತು ಆ ಮಾತಿಗಷ್ಟೇ ಸಾಕ್ಷಿ. ಸೆಪ್ಟುವಾಜಿಂಟ್ ಓದಿ ಓದಿ ಬೆಳೆದವರ ಬಾಯಿಗೆ ಆ ಗ್ರೀಕೇ ದೇವರ ಮಾತಿನ ಧಾಟಿಯಾಗಿಬಿಟ್ಟಿರಬಹುದು, ನಾವು ಪ್ರಾರ್ಥನೆಗೆ ನಿಂತ ಕೂಡಲೇ ಹಳೆಯ ಸತ್ಯವೇದದ ಕನ್ನಡಕ್ಕೆ ಹೊರಳುವಂತೆ. ಲೂಕನನ್ನೇ ನೋಡಿ. ಅವನ ಮೊದಲ ನಾಲ್ಕು ವಚನಗಳು ಓದಿಕೊಂಡವರ ಅಚ್ಚುಕಟ್ಟಾದ ಗ್ರೀಕ್, ಇಡೀ ನಾಲ್ಕೂ ಸೇರಿ ಒಂದೇ ಉದ್ದ ವಾಕ್ಯ. ಐದನೆಯ ವಚನದಲ್ಲಿ ಹೆರೋದನ ಕಾಲ, ಜಕರೀಯನ ಮನೆ ಬಂದ ತಕ್ಷಣ ಧಾಟಿ ಹಳೆಯ ಒಡಂಬಡಿಕೆಯ ಕಥೆಗಳದ್ದಾಗುತ್ತದೆ. ಬರೆದವನು ಒಬ್ಬನೇ, ಎರಡು ಬಗೆಯ ಗ್ರೀಕೂ ಅವನಿಗೆ ಬರುತ್ತಿತ್ತು.