ಸೀಳಿದ 'ಸದ್ಬೋಧ' ಮತ್ತು ನಮ್ಮ ಕತ್ತರಿ

ರಾಜ್ಯೋತ್ಸವಕ್ಕೆ ನಾವು ಅಂಟಿಸಿದ್ದ ಗಳಗನಾಥರ ಪೋಸ್ಟರ್ ನೋಡಿ ಬಹಳ ಮಂದಿ ನಕ್ಕಿರಿ. ನಗೋದು ಸರಿನೇ. ಇದೇ ಅಗಡಿಯಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ'ಯ ಹೆಸರಿನಲ್ಲಿ 'ದ' ಒಂದು ಹಾಳೆಯಲ್ಲಿ, ಅದರ ಬ-ಒತ್ತು ಕೆಳಗಿನ ಹಾಳೆಯಲ್ಲಿ, ನಡುವೆ ಬಿಳಿ ಗೆರೆ. 'ಮುಂದಿನ ಸಲ ಫ್ಲೆಕ್ಸೇ ಮಾಡಿಸ್ರಿ' ಅಂದ್ರು. ನಾವು ಒಪ್ಪುವುದಿಲ್ಲ. ತಪ್ಪು ಎ4 ಹಾಳೆಯದಲ್ಲ, ನಮ್ಮ ಲೆಕ್ಕದ್ದು ಮತ್ತು ಕತ್ತರಿಯದ್ದು.

ಎ1 ಅಂದ್ರೆ ಎಂಟು ಎ4 ಅಂತ ಎಲ್ಲರಿಗೂ ಗೊತ್ತು. ಆದರೆ ಪ್ರಿಂಟರ್ ಅಂಚಿನವರೆಗೆ ಮುದ್ರಿಸೋದಿಲ್ಲ. ಸುತ್ತ 5 ಮಿ.ಮೀ. ಬಿಟ್ಟರೂ ನಮಗೆ ಸಿಗೋದು 200 × 287 ಮಿ.ಮೀ. ಅಷ್ಟೇ. ಹಾಗಾಗಿ ಒಂಬತ್ತು ಹಾಳೆ ಬೇಕಾಯ್ತು. ನಾವು Overlap ಅನ್ನು ಸೊನ್ನೆ ಇಟ್ಟು, ನಾಲ್ಕೂ ಕಡೆ ಕತ್ತರಿಸಿ, ಅಂಚಿಗೆ ಅಂಚು ತಾಗಿಸಿ ಅಂಟಿಸಿದ್ವಿ. ಕತ್ತರಿ 1 ಮಿ.ಮೀ. ಹೊರಗೆ ಹೋದಲ್ಲಿ ಬಿಳಿ ಗೆರೆ ಉಳೀತು, ಒಳಗೆ ಹೋದಲ್ಲಿ ಅಕ್ಷರವೇ ಹೋಯ್ತು.

ಎರಡನೇ ಸಲ ಅಡೋಬಿ ರೀಡರ್‌ನ Poster ಆಯ್ಕೆಯಲ್ಲಿ Overlap 10 ಮಿ.ಮೀ. ಕೊಟ್ವಿ. ಹಾಳೆ ಒಮ್ಮೆಲೇ ಹನ್ನೆರಡಾಯ್ತು! ಅಡ್ಡಕ್ಕೆ ಮೂರು ಹಾಳೆ ಸೇರಿ ಮುಚ್ಚೋದು 580 ಮಿ.ಮೀ., ಎ1 ಅಗಲ 594. ಬರೀ 14 ಮಿ.ಮೀ. ಪಟ್ಟಿಗಾಗಿ ಇನ್ನೂ ಮೂರು ಹಾಳೆ. Tile Scale ಅನ್ನು 97%ಗೆ ಇಳಿಸಿದ್ವಿ, ಮತ್ತೆ ಒಂಬತ್ತಕ್ಕೆ ಬಂತು. ಆ ಮೂರು ಪರ್ಸೆಂಟ್ ಯಾರ ಕಣ್ಣಿಗೂ ಬೀಳಲಿಲ್ಲ.

ಇನ್ನು ಕತ್ತರಿಸೋದು. ಪ್ರತಿ ಹಾಳೆಯ ಬಲ ಮತ್ತು ಕೆಳಗಿನ ಬಿಳಿ ಅಂಚನ್ನಷ್ಟೇ ಸ್ಟೀಲ್ ಸ್ಕೇಲ್ ಇಟ್ಟು ಬ್ಲೇಡಿನಿಂದ ತೆಗೀರಿ. ಎಡ ಮತ್ತು ಮೇಲಿನ ಅಂಚು ಹಾಗೇ ಇರಲಿ, ಅದೇ ಅಂಟು ಹಚ್ಚುವ ಜಾಗ. ಕತ್ತರಿಸಿದ ಅಂಚು ಪಕ್ಕದ ಹಾಳೆಯ ಮೇಲೆ ಕೂರುತ್ತದೆ. 10 ಮಿ.ಮೀ.ನಷ್ಟು ಚಿತ್ರ ಎರಡರಲ್ಲೂ ಇರೋದರಿಂದ ಮೇಲಿನದನ್ನು ಸರಿಸಿ ಸರಿಸಿ, ಗೆರೆಗೆ ಗೆರೆ ಕೂಡುವವರೆಗೆ ನೋಡಬಹುದು. ಅಂಟಿಸೋದನ್ನು ಮೂಲೆಯಿಂದ ಶುರು ಮಾಡಬೇಡಿ. ಮೂಲೆಯ ಸಣ್ಣ ಓರೆ ಎರಡು ಹಾಳೆ ದಾಟುವಷ್ಟರಲ್ಲಿ ದೊಡ್ಡದಾಗುತ್ತದೆ. ಪ್ರತಿ ಸಾಲನ್ನೂ ನಡುವಿನ ಹಾಳೆಯಿಂದ ಕಟ್ಟಿ, ಆಮೇಲೆ ನಡುವಿನ ಸಾಲಿಗೆ ಮೇಲಿನದು, ಕೆಳಗಿನದು ಸೇರಿಸಿ.

ಫೆವಿಕಾಲ್ ಬೇಡವೇ ಬೇಡ. ಅದರ ನೀರಿಗೆ ತೆಳು ಹಾಳೆ ಹಿಗ್ಗಿ, ಒಣಗುವಾಗ ಸುಕ್ಕಾಗುತ್ತದೆ. ಗ್ಲೂ ಸ್ಟಿಕ್ ಸಾಕು, ಟೇಪ್ ಏನಿದ್ದರೂ ಬೆನ್ನಿಗೆ.

ಇಷ್ಟೆಲ್ಲ ಮಾಡಿದರೂ ಜೋಡಣೆಯ ಗೆರೆ ಒತ್ತಕ್ಷರದ ಮೇಲೆ ಬಂದರೆ ಕಾಣುತ್ತೆ. ಅದಕ್ಕೆ ಪ್ರಿಂಟ್‌ಗೆ ಮೊದಲೇ ಪ್ರಿವ್ಯೂ ನೋಡಿ, ಡಿಸೈನಿನಲ್ಲಿ ಶೀರ್ಷಿಕೆಯನ್ನು ಮೇಲೆ ಕೆಳಗೆ ಸರಿಸಿ, ಗೆರೆ ಖಾಲಿ ಜಾಗದಲ್ಲಿ ಹಾಯುವ ಹಾಗೆ ಮಾಡಿ. ನಾವು 'ಸದ್ಬೋಧ'ವನ್ನು 20 ಮಿ.ಮೀ. ಮೇಲಕ್ಕೇರಿಸಿದ್ವಿ. ಹೊಸ ಪೋಸ್ಟರ್ ಲೈಬ್ರರಿಯ ಒಳಗೋಡೆ ಮೇಲಿದೆ. ಗೇಟಿನ ಹತ್ತಿರ ಮಾತ್ರ ಹಾಕೋದಿಲ್ಲ, ಒಂದು ಮಳೆಗೆ ಅಂಟು ಬಿಡುತ್ತೆ. ಅಲ್ಲಿಗೆ ಬಟ್ಟೆ ಬ್ಯಾನರ್ ಬರೆಸೋಣ.