ಯುಕೆಜಿ ಇನ್ನೊಂದು ವರ್ಷ: ಅವಮಾನವೇಕೆ?



1ನೇ ತರಗತಿ ಪ್ರವೇಶಕ್ಕೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮವನ್ನು 2025ರಲ್ಲಿ 5 ವರ್ಷ 5 ತಿಂಗಳಿಗೆ ಸಡಿಲಿಸಿದಾಗ ಅನೇಕ ಪೋಷಕರು ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಯುಕೆಜಿ ಶಿಕ್ಷಕಿಯಾದ ನನಗೆ ಮಾತ್ರ ಡಿಸೆಂಬರಿನಲ್ಲಿ ಹುಟ್ಟಿದ ಮಕ್ಕಳದೇ ಚಿಂತೆ. ಅಂಥ ಮಗುವಿನ ಪಕ್ಕದಲ್ಲಿ ಕೂರುವ ಜೂನ್ ತಿಂಗಳ ಮಗು ಆರು ತಿಂಗಳು ದೊಡ್ಡದು. ಈ ವಯಸ್ಸಿನಲ್ಲಿ ಅದು ದೊಡ್ಡ ಅಂತರ.

ಡಿಸೆಂಬರಿನಲ್ಲಿ ಹುಟ್ಟಿದ ಒಬ್ಬ ಹುಡುಗ ಕಥೆಯನ್ನು ಚೆನ್ನಾಗಿ ಹೇಳುತ್ತಿದ್ದ. ಆದರೆ ಎರಡು ಸಾಲು ಬರೆಯುವಷ್ಟರಲ್ಲಿ ಕೈ ಸೋಲುತ್ತಿತ್ತು. 'ಚೀಲ ಇಟ್ಟು ಪುಸ್ತಕ ತಾ' ಎಂದರೆ ಅರ್ಧ ಮರೆಯುತ್ತಿದ್ದ. ಫೆಬ್ರುವರಿಯಲ್ಲೇ ತಂದೆತಾಯಿ ಇಬ್ಬರನ್ನೂ ಕರೆದು, ಅಂಕಪಟ್ಟಿಯ ಬದಲು ಅವನ ನೋಟ್‌ಪುಸ್ತಕ, ಜನ್ಮದಿನಾಂಕ ತೋರಿಸಿದೆ. 'ದಡ್ಡನಲ್ಲ, ಬೆರಳಿಗೂ ಗಮನಕ್ಕೂ ಇನ್ನಷ್ಟು ಸಮಯ ಬೇಕು, ಇನ್ನೊಂದು ವರ್ಷ ಯುಕೆಜಿಯಲ್ಲೇ ಇರಲಿ' ಎಂದೆ. 'ನೆಂಟರಿಗೆ ಏನು ಹೇಳೋದು ಮೇಡಂ?' ಎಂದರು ತಾಯಿ. 'ವಯಸ್ಸು ಕಡಿಮೆಯಿತ್ತು ಅನ್ನಿ, ಅದು ನಿಜವೇ' ಎಂದೆ.

ಕಣ್ಣು, ಕಿವಿ, ಮಾತಿನ ತೊಂದರೆಯಿದ್ದರೆ ಇನ್ನೊಂದು ವರ್ಷ ಕೂರಿಸಿದರಷ್ಟೇ ಸಾಲದು. ಮೊದಲು ಅದರ ತಪಾಸಣೆಯಾಗಲಿ. ಎರಡನೇ ವರ್ಷವೂ ಅದೇ ಪಾಠವನ್ನೇ ಮತ್ತೆ ಮಾಡಿಸುವುದಾದರೆ ಪ್ರಯೋಜನವಿಲ್ಲ. ಶಾಲೆ ಏನನ್ನು ಬೇರೆಯಾಗಿ ಕಲಿಸುತ್ತದೆಂದು ಪೋಷಕರು ಕೇಳಲೇಬೇಕು. ದಯವಿಟ್ಟು ಮಗುವಿನ ಎದುರು 'ಫೇಲು' ಎನ್ನಬೇಡಿ.

— ಯುಕೆಜಿ ಶಿಕ್ಷಕಿ, ಮೈಸೂರು